ಒಂದು ಪೆಡಲ್ ಪಿನ್, ಎರಡು ಬದಲಿ ಪಿನ್‌ಗಳು: ಖರ್ಚು ಇಳಿಸಲು ಹೋಗಿ ಕಂಡದ್ದು

ಕಾಲಲ್ಲಿ ಒತ್ತಿ ನಡೆಸುವ ಒಂದು ಸಣ್ಣ ಯಂತ್ರ. ಅದರ ಪೆಡಲ್‌ನ ಲಿವರ್ ಒಂದು ಪಿನ್ ಮೇಲೆ ಆಡುತ್ತದೆ. ಫ್ರೇಮಿಗೆ ವೆಲ್ಡ್ ಆದ ಬ್ರಾಕೆಟ್‌ಗೆ ಎರಡು ಕಿವಿಗಳಿವೆ. ಅವುಗಳ ನಡುವೆ ಲಿವರ್ ಕೂರುತ್ತದೆ, ಪಿನ್ ಮೂರನ್ನೂ ಹಾದುಹೋಗುತ್ತದೆ. ಪಿನ್ ದಪ್ಪ 8 ಮಿ.ಮೀ., ಉದ್ದ ಕಿರುಬೆರಳಿಗಿಂತ ಕಡಿಮೆ. ಕೆಲಸಕ್ಕೆ ಹೋಲಿಸಿದರೆ ಇದರ ಖರ್ಚು ಜಾಸ್ತಿ ಎಂದು ನನಗೆ ಮೊದಲಿಂದಲೂ ಅನ್ನಿಸುತ್ತಿತ್ತು. ಹಾಗಾಗಿ ಕೆಲಸ ಕೆಡದಂತೆ ಖರ್ಚು ಇಳಿಸುವ ವಿಧಾನವಾದ ವ್ಯಾಲ್ಯೂ ಅನಾಲಿಸಿಸ್‌ಗೆ ಇದನ್ನೇ ಎತ್ತಿಕೊಂಡೆ.

ಈ ವಿಧಾನವನ್ನು ರೂಪಿಸಿದವರು ಜನರಲ್ ಎಲೆಕ್ಟ್ರಿಕ್ ಕಂಪನಿಯ ಲಾರೆನ್ಸ್ ಮೈಲ್ಸ್, 1947ರ ಸುಮಾರಿಗೆ. ಇದರಲ್ಲಿ ಮೊದಲ ಪ್ರಶ್ನೆ 'ಇದೇನು?' ಅಲ್ಲ, 'ಇದು ಏನು ಮಾಡುತ್ತದೆ?'. ಉತ್ತರ ಎರಡೇ ಪದದಲ್ಲಿ ಇರಬೇಕು. ನಮ್ಮ ಪಿನ್‌ಗೆ ನಾನು ಬರೆದದ್ದು ಮೂರು: ಭಾರ ಹೊರು, ಜಾರದಂತೆ ಹಿಡಿ, ತುಕ್ಕು ತಡೆ. ಮೂರಕ್ಕೇ ನಿಲ್ಲಿಸಿದ್ದು ನನ್ನ ತಪ್ಪು. ಅದು ಆಮೇಲೆ ಗೊತ್ತಾಯಿತು.

ಹಳೆಯ ಪಿನ್‌ನ ಒಟ್ಟು ಖರ್ಚನ್ನು 100 ಎಂದು ಇಟ್ಟುಕೊಳ್ಳೋಣ. ಅದರಲ್ಲಿ ಸರಳಿಗೆ 24, ಲೇತ್ ಕೆಲಸಕ್ಕೆ 36, ಗ್ರೈಂಡಿಂಗ್‌ಗೆ 17, ಪ್ಲೇಟಿಂಗ್‌ಗೆ 9, ತುದಿಯ ಸುತ್ತ ಕೊರೆಯುವ ಕಚ್ಚು ಮತ್ತು ಅದರಲ್ಲಿ ಕೂತು ಪಿನ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ಬಳೆಗೆ 8, ತಲೆಯ ಒಂದು ಬದಿ ಚಪ್ಪಟೆ ಮಾಡುವುದಕ್ಕೆ 6.

ಎರಡು ಕಡೆ ಕಣ್ಣು ನಿಂತಿತು. ಪಿನ್‌ನ ತಲೆ 12 ಮಿ.ಮೀ. ಇರುವುದರಿಂದ 12 ಮಿ.ಮೀ. ಸರಳನ್ನೇ ಹಿಡಿದು, ಉಳಿದ ಉದ್ದವನ್ನೆಲ್ಲ 8ಕ್ಕೆ ಇಳಿಸುತ್ತಿದ್ದರು. 12ರ ವರ್ಗ 144, 8ರ ವರ್ಗ 64. ಅಂದರೆ ಆ ಭಾಗದ ಅರ್ಧಕ್ಕಿಂತ ಜಾಸ್ತಿ ಲೋಹ ಚೂರಾಗಿ ಲೇತ್ ಕೆಳಗಿನ ತಟ್ಟೆಗೆ ಬೀಳುತ್ತಿತ್ತು. ಅದಕ್ಕೂ ದುಡ್ಡು, ಅದನ್ನು ಕೊರೆಯುವುದಕ್ಕೂ ದುಡ್ಡು.

ಇನ್ನೊಂದು ಗ್ರೈಂಡಿಂಗ್. ಪಿನ್ ಮೈ ಕನ್ನಡಿಯ ಹಾಗಿತ್ತು. ಆದರೆ ಅದು ಕೂರುವ ತೂತು? ಬರೀ ಡ್ರಿಲ್ ಹೊಡೆದ 8.2ರ ತೂತು. ಕೂದಲೆಳೆಯಷ್ಟು ನಿಖರವಾದ ಪಿನ್ ಅಷ್ಟು ಸಡಿಲ ತೂತಿನಲ್ಲಿ ಕೂತರೆ ಆ ನಿಖರತೆಯಿಂದ ಏನು ಲಾಭ? ಹಳೆಯ ಡ್ರಾಯಿಂಗ್‌ಗಳನ್ನು ತೆಗೆದು ನೋಡಿದೆ. ಹಿಂದಿನ ಮಾದರಿಯಲ್ಲಿ ಲಿವರ್‌ಗೆ ಕಂಚಿನ ಬುಷ್ ಇತ್ತು, ಆಗ ಗ್ರೈಂಡಿಂಗ್ ಬೇಕಿತ್ತು. ಬುಷ್ ಹೋಯಿತು, ಗ್ರೈಂಡಿಂಗ್ ಸೂಚನೆ ಮಾತ್ರ ಡ್ರಾಯಿಂಗ್‌ನಲ್ಲಿ ಉಳಿದುಬಿಟ್ಟಿತು.

ಇನ್ನು ಕೆಲಸದ ಬೆಲೆ. ಒಂದು ಕೆಲಸವನ್ನು ನಂಬಬಹುದಾದ ಹಾಗೆ ಮಾಡುವ ಅತಿ ಅಗ್ಗದ ದಾರಿಗೆ ಎಷ್ಟು ಖರ್ಚೋ ಅದೇ ಆ ಕೆಲಸದ ಬೆಲೆ. ಭಾರ ಹೊರಲು ನುಣುಪಾಗಿಯೇ ಸಿಗುವ 8 ಮಿ.ಮೀ. ಸರಳು, ಅಂದರೆ ಬ್ರೈಟ್ ಬಾರ್‌ನ ತುಂಡು ಸಾಕು, 16. ಹಿಡಿಯಲು, ತೂತಿಗೆ ತೂರಿಸಿ ಕಾಲು ಬಗ್ಗಿಸುವ ಎರಡು ಸ್ಪ್ಲಿಟ್ ಪಿನ್, 6. ತುಕ್ಕು ತಡೆಯಲು ಪ್ಲೇಟಿಂಗ್, 9. ಒಟ್ಟು 31. ಖರ್ಚು 100, ಬೆಲೆ 31. ಮೂರು ಪಟ್ಟಿನ ಅಂತರ. ಪಿನ್ 31ಕ್ಕೇ ಬರುತ್ತದೆ ಅಂತ ಇದರ ಅರ್ಥವಲ್ಲ. ಹುಡುಕಲು ಜಾಗ ಇದೆ ಅಂತ ಅಷ್ಟೇ.

ಎರಡು ಬದಲಿ ಪಿನ್‌ಗಳನ್ನು ಹಳೆಯದರ ಜೊತೆ ಪರೀಕ್ಷೆಗೆ ಹಾಕಿದೆ. ಒಂದೊಂದಕ್ಕೂ ಪೂರ್ತಿ ಭಾರದಲ್ಲಿ 2 ಲಕ್ಷ ಒತ್ತು. ಪೆಡಲ್ ತುದಿಯ ಅಲುಗಾಟ 3 ಮಿ.ಮೀ. ದಾಟಿದರೆ ಫೇಲ್. ಈ ಗೆರೆಯನ್ನು ಪರೀಕ್ಷೆಗೆ ಮುಂಚೆಯೇ ಬರೆದಿಟ್ಟೆ. ಅಗ್ಗದ ಪಿನ್ ಕೈಗೆ ಬಂದಮೇಲೆ ಗೆರೆಯನ್ನು ಸ್ವಲ್ಪ ಆಚೆ ಸರಿಸುವ ಮನಸ್ಸಾಗುತ್ತದೆ, ಅಲ್ವಾ?

ಮೊದಲು ಸ್ಪ್ರಿಂಗ್ ಪಿನ್. ಸ್ಟೀಲ್ ತಗಡನ್ನು ಸುರುಳಿ ಮಾಡಿದ್ದು, ಉದ್ದಕ್ಕೂ ಒಂದು ಸೀಳು. ಖರ್ಚು 12 ಮಾತ್ರ, ಹಳೆಯದರ ಎಂಟನೇ ಒಂದು ಪಾಲು. ಬ್ರಾಕೆಟ್ ಕಿವಿಗಳ ತೂತನ್ನು ಸರಿಯಾಗಿ 8ಕ್ಕೆ ಮಾಡಿ ಬಡಿದು ಕೂರಿಸಿದೆ. ಕೂತ ಕೂಡಲೇ ಲಿವರ್ ಬಿಗಿಯಾಯಿತು. ಎರಡು ಕಿವಿಗಳಲ್ಲಿ ಅದುಮಿಕೊಂಡ ಪಿನ್ ನಡುವೆ ಉಬ್ಬುತ್ತದೆ. ಲಿವರ್ ತೂತನ್ನು 8.5ಕ್ಕೆ ದೊಡ್ಡದು ಮಾಡಿದಾಗ ಸಲೀಸಾಯಿತು.

40 ಸಾವಿರ ಒತ್ತಿನ ಹತ್ತಿರ ಕಿರ್ ಕಿರ್ ಸದ್ದು ಬಂತು. ಬಿಚ್ಚಿ ನೋಡಿದರೆ ಲಿವರ್ ಸುತ್ತ ಕಂದುಬಣ್ಣದ ನುಣ್ಣನೆ ಪುಡಿ, ತೂತು ಮೊಟ್ಟೆ ಆಕಾರ. ಸೀಳಿನ ಅಂಚು ಭಾರದ ಕಡೆ ಮುಖ ಮಾಡಿ ತೂತನ್ನು ಕೆರೆಯುತ್ತಿತ್ತು. ಸೀಳನ್ನು ಬೇರೆ ಕಡೆ ತಿರುಗಿಸಿ ಇನ್ನೊಂದು ಹಾಕಿದೆ. ಜಾಸ್ತಿ ದಿನ ಬಂತು, ಆದರೂ 2 ಲಕ್ಷ ಮುಟ್ಟಲಿಲ್ಲ. ತೆಗೆಯಲು ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆದಾಗ ಒಂದು ಕಿವಿಯೂ ಬಗ್ಗಿತು. ಎರಡು ಭಾಗಗಳನ್ನು ಅಲುಗದಂತೆ ಸೇರಿಸಲು ಸ್ಪ್ರಿಂಗ್ ಪಿನ್ ಒಳ್ಳೆಯದು. ದಿನವಿಡೀ ಆಡುವ ಲಿವರ್‌ಗೆ ನಾನು ಹಾಕುವುದಿಲ್ಲ.

ಎರಡನೆಯದು ರೆಡಿ ಸಿಗುವ ಕ್ಲೆವಿಸ್ ಪಿನ್. 8 ಮಿ.ಮೀ. ಸರಳಿನ ತುದಿಯನ್ನೇ ಜಜ್ಜಿ ತಲೆ ಮೂಡಿಸಿರುತ್ತಾರೆ, ಲೋಹ ಚೂರಾಗುವುದೇ ಇಲ್ಲ. ಪಿನ್‌ಗೆ 30, ಸ್ಪ್ಲಿಟ್ ಪಿನ್ ಮತ್ತು ವಾಷರ್‌ಗೆ 6. ಸ್ಪ್ಲಿಟ್ ಪಿನ್‌ನ ಕಾಲು ಬಗ್ಗಿಸಲು ಸರ್ಕ್ಲಿಪ್‌ಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ, ಅದಕ್ಕೆ 5. ಒಟ್ಟು 41. ಪರೀಕ್ಷೆಯಲ್ಲೂ ಪಾಸ್. ಅಲುಗಾಟ ಹಳೆಯದಕ್ಕಿಂತ ಸ್ವಲ್ಪ ಜಾಸ್ತಿ, ಆದರೆ ಗೆರೆಯೊಳಗೆ. ಖುಷಿಯಿಂದ ವರದಿ ಬರೆಯಲು ಕೂತೆ.

ಬಿಚ್ಚಿದ ಪಿನ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೆ. ಆ ಹಳೆಯ ಪಿನ್ ಮಾಡುತ್ತಿದ್ದ ಹಿರಿಯ ಟರ್ನರ್ ಬಂದು ಎರಡನ್ನು ಕೈಗೆತ್ತಿಕೊಂಡರು. ಬೆಳಕಿಗೆ ಹಿಡಿದು ತಿರುಗಿಸಿದರು.

"ಇದು ಒಂದೇ ಕಡೆ ಸವೆದಿದೆ ಸರ್. ನಿಮ್ಮ ಹೊಸದು ಸುತ್ತಲೂ ಸವೆದಿದೆ. ತಲೆ ಮೇಲಿನ ಆ ಫ್ಲಾಟ್ ಸುಮ್ನೆ ಇಟ್ಟಿದ್ದಲ್ಲ."

ನೋಡಿದೆ, ಹೌದು. ಹಳೆಯ ಪಿನ್‌ನ ನಡುಭಾಗದಲ್ಲಿ ಒಂದೇ ಪಟ್ಟಿ ಹೊಳೆಯುತ್ತಿತ್ತು. ಕಿವಿಗಳಲ್ಲಿ ಕೂತ ತುದಿಗಳಲ್ಲಿ ಪ್ಲೇಟಿಂಗ್ ಹಾಗೇ ಇತ್ತು. ತಲೆಯ ಚಪ್ಪಟೆ ಬದಿ ಬ್ರಾಕೆಟ್‌ನ ಅಂಚಿಗೆ ತಾಗಿ ಪಿನ್ ತಿರುಗದಂತೆ ತಡೆಯುತ್ತಿತ್ತು. ಕ್ಲೆವಿಸ್ ಪಿನ್ ಲಿವರ್ ಜೊತೆ ತಾನೂ ತಿರುಗಿತ್ತು, ತುದಿಗಳಲ್ಲೂ ಬರಿ ಸ್ಟೀಲ್ ಕಾಣುತ್ತಿತ್ತು. ಕಿವಿಯ ತೂತನ್ನು ಅಳೆದೆ. ಸವೆತ ಶುರುವಾಗಿತ್ತು. ಲಿವರ್ ಸವೆದರೆ ಬಿಚ್ಚಿ ಬದಲಿಸಬಹುದು. ಕಿವಿ ಫ್ರೇಮಿಗೆ ವೆಲ್ಡ್ ಆಗಿದೆ. ಅದು ಸವೆದರೆ ಫ್ರೇಮಿಗೇ ಕೈ ಹಾಕಬೇಕು. ನನ್ನ 2 ಲಕ್ಷದ ಪರೀಕ್ಷೆ ಇದನ್ನು ಹಿಡಿಯಲಿಲ್ಲ, ಯಾಕೆಂದರೆ ಅದು ಅಲುಗಾಟವನ್ನು ಮಾತ್ರ ನೋಡುತ್ತಿತ್ತು. ಸ್ಪ್ರಿಂಗ್ ಪಿನ್‌ನಲ್ಲೂ ಸುಳಿವು ಸಿಗಲಿಲ್ಲ, ಅದು ಕಿವಿಯನ್ನು ಬಿಗಿಯಾಗಿ ಕಚ್ಚಿಕೊಂಡಿತ್ತು.

ನನ್ನ ಪಟ್ಟಿಯಲ್ಲಿ ನಾಲ್ಕನೆಯ ಕೆಲಸ ಬಿಟ್ಟುಹೋಗಿತ್ತು: ತಿರುಗದಂತೆ ತಡೆ. ಅದಕ್ಕೆ ಹಳೆಯ ಪಿನ್‌ನಲ್ಲಿ ತಗಲುತ್ತಿದ್ದದ್ದು ಬರೀ 6. ಇದ್ದ ಖರ್ಚಿನಲ್ಲಿ ಅತ್ಯಂತ ನ್ಯಾಯವಾದದ್ದು ಅದೇ.

ಹಾಗಾಗಿ ಹಳೆಯ ಪಿನ್, ಕ್ಲೆವಿಸ್ ಪಿನ್ ಎರಡನ್ನೂ ಬೆರೆಸಿದೆ. ತಲೆ ಮೂಡಿಸಿದ, ಪ್ಲೇಟಿಂಗ್ ಇಲ್ಲದ ಪಿನ್ ತರಿಸಿದೆ, 26. ಅದಕ್ಕೆ ಫ್ಲಾಟ್, 6. ಕಚ್ಚು ಮತ್ತು ಸರ್ಕ್ಲಿಪ್, 8. ಪ್ಲೇಟಿಂಗ್ ಕೊನೆಯಲ್ಲಿ, 9. ಪ್ಲೇಟಿಂಗ್ ಆದ ಪಿನ್‌ಗೆ ಆಮೇಲೆ ಫ್ಲಾಟ್ ಕೊರೆದರೆ ಆ ಬದಿ ಬರಿದಾಗಿ ತುಕ್ಕು ಹಿಡಿಯುತ್ತದೆ, ಅದಕ್ಕೇ ಈ ಕ್ರಮ. ಒಟ್ಟು 49. ರೆಡಿ ಪಿನ್‌ಗಿಂತ 8 ಜಾಸ್ತಿ, ಹಳೆಯದರ ಅರ್ಧಕ್ಕಿಂತ ಕಡಿಮೆ. ಈ ಸಲ 4 ಲಕ್ಷ ಒತ್ತಿಸಿದೆ, ಕಿವಿಗಳನ್ನೂ ಅಳೆದೆ. ಅಲುಗಾಟ ಗೆರೆಯೊಳಗೇ ಇತ್ತು, ಪಿನ್ ಒಂದೇ ಕಡೆ ಸವೆದಿತ್ತು, ತುದಿಗಳ ಪ್ಲೇಟಿಂಗ್ ಉಳಿದಿತ್ತು.

ಹೊಸ ಡ್ರಾಯಿಂಗ್‌ನಲ್ಲಿ ಗ್ರೈಂಡಿಂಗ್ ಗುರುತು ತೆಗೆದೆ. ಫ್ಲಾಟ್ ಪಕ್ಕದಲ್ಲಿ ಒಂದು ಸಾಲು ಸೇರಿಸಿದೆ: 'ಪಿನ್ ಕಿವಿಯಲ್ಲಿ ತಿರುಗದಂತೆ ತಡೆಯಲು. ತೆಗೆಯಬಾರದು.'