ಅಂಗಿ ತೋಳು ಮಡಚೋಕೆ ಜಿಂಪ್ ಸಾಕಾ? ಕಲಬುರಗಿ ಸ್ಟುಡಿಯೋದಿಂದ ಬಹುಕಾಲದ ಬಳಕೆಯ ಮಾತು

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಫೋಟೋ, ಮದುವೆ ಆಲ್ಬಮ್, ಹೆಣ್ಣಿನ ಕಡೆಯವರಿಗೆ ಕಳಿಸುವ ಫೋಟೋ, ಇವೇ ಕೆಲಸ. 2018ರಲ್ಲಿ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಜಿಂಪ್‌ನ 2.10 ಆವೃತ್ತಿ ಬಂದಾಗಿನಿಂದ ಅದರಲ್ಲೇ ಎಡಿಟಿಂಗ್ ಮಾಡುತ್ತಿದ್ದೇನೆ. ದುಡ್ಡು ಕೊಡಬೇಕಾಗಿಲ್ಲ, ಹಳೆಯ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಮುಖದ ಮೊಡವೆ ತೆಗೆಯೋದು, ಹಿನ್ನೆಲೆ ಬದಲಿಸೋದು ಎಲ್ಲ ಸಾಫ್ಟ್‌ವೇರ್‌ನಲ್ಲೂ ಆಗುತ್ತದೆ. ಹಾಗಾಗಿ ಅದನ್ನು ಬಿಟ್ಟು, ಜಿಂಪ್‌ನ ತಾಕತ್ತು ಮತ್ತು ಮಿತಿ ಎರಡೂ ಕಾಣುವ ಒಂದೇ ಕೆಲಸದ ಬಗ್ಗೆ ಬರೆಯುತ್ತೇನೆ: ಫೋಟೋದಲ್ಲಿ ಕೆಳಗಿಳಿದಿರುವ ತೋಳನ್ನು ಮಡಚಿ ತೋರಿಸೋದು.

"ಅಣ್ಣಾರ, ತೋಳು ಸ್ವಲ್ಪ ಏರಿಸಿ ಕೊಡ್ರಿ, ಹಂಗ ಇದ್ರ ಆಫೀಸಿಗೆ ಹೊಂಟಂಗ ಕಾಣಸ್ತದ" ಎಂದು ಕೇಳುವವರು ಸುಮಾರು ಜನ. ಗಿರಾಕಿ ಅಂಗಡಿಯಲ್ಲೇ ಇದ್ದರೆ ನನ್ನ ಉತ್ತರ ಒಂದೇ: ಮಡಚಿಕೊಂಡು ಮತ್ತೆ ನಿಂತುಬಿಡಿ. ಎರಡು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಅರ್ಧ ದಿನ ಕೂರೋದು ಯಾಕೆ, ಅಲ್ವಾ? ಅವರು ಊರು ಬಿಟ್ಟು ಹೋಗಿದ್ದರೆ ಮಾತ್ರ ಎಡಿಟಿಂಗ್.

ಜೇವರ್ಗಿ ಕಡೆಯ ಒಬ್ಬ ಹುಡುಗನ ಫೋಟೋ ಉದಾಹರಣೆಗೆ ತಗೊಳ್ಳೋಣ. ತಿಳಿ ನೀಲಿ ಬಣ್ಣದ, ಉದ್ದ ಗೆರೆಯ ಅಂಗಿ. ಫುಲ್ ತೋಳು, ಕಫ್‌ನ ಗುಂಡಿ ಹಾಕಿದೆ. ಬೆಳಕು ಎಡಗಡೆಯಿಂದ. ನಿಂತ ಫೋಟೋ, 4000 × 6000 ಪಿಕ್ಸೆಲ್. 12 × 18 ಇಂಚಿಗೆ ದೊಡ್ಡದು ಮಾಡಬೇಕು, ತಪ್ಪು ಮಾಡಿದರೆ ಮುಚ್ಚಿಕೊಳ್ಳೋದಿಲ್ಲ. ಹುಡುಗ ಆಗಲೇ ಪುಣೆಯಲ್ಲಿ ಕೆಲಸಕ್ಕೆ ಸೇರಿದ್ದ.

ಮೊದಲು ನಿರ್ಧರಿಸಬೇಕಾದ್ದು ತೋಳು ಎಲ್ಲಿಯವರೆಗೆ ಏರುತ್ತದೆ ಅನ್ನೋದು. ಇದನ್ನು ಸುಮ್ನೆ ಕಣ್ಣಂದಾಜಿಗೆ ಬಿಡಬಾರದು. ಕಫ್‌ನ ಅಗಲ ಸುಮಾರು ಆರೂವರೆ ಸೆಂಟಿಮೀಟರ್. ಒಂದು ಸಲ ಮಡಚಿದರೆ ತೋಳಿನ ಅಂಚು ಅಷ್ಟೇ ಮೇಲೇರುತ್ತದೆ. ಎರಡು ಸಲ ಮಡಚಿದರೆ ಹದಿಮೂರು ಸೆಂಟಿಮೀಟರ್, ಅಂದರೆ ಮುಂಗೈಯ ಹೆಚ್ಚುಕಡಿಮೆ ಅರ್ಧ. ಮೂರನೆಯ ಮಡಿಕೆಗೆ ಮೊಣಕೈ ಹತ್ತಿರ ಬರುತ್ತದೆ. ಒಂದು ಮಡಿಕೆಗೂ ಇನ್ನೊಂದಕ್ಕೂ ನಡುವೆ ಎಲ್ಲೋ ನಿಲ್ಲಿಸಿದರೆ, ಯಾಕೆ ಅಂತ ಹೇಳೋಕೆ ಬಾರದಿದ್ದರೂ ನೋಡುವವರಿಗೆ ಏನೋ ಸರಿ ಇಲ್ಲ ಅನ್ನಿಸುತ್ತದೆ. ಈ ಹುಡುಗನಿಗೆ ಎರಡು ಮಡಿಕೆ ಎಂದು ಇಟ್ಟುಕೊಂಡೆ.

ಈಗ ಕೈ ಬೇಕು. ಫೋಟೋದಲ್ಲಿ ಕಾಣದ ಮುಂಗೈಯನ್ನು ಅಂಗೈ ಹಿಂಭಾಗದ ಚರ್ಮ ಎಳೆದು ಮಾಡಿದರೆ ಪ್ಲಾಸ್ಟಿಕ್ ಪೈಪಿನ ಹಾಗೆ ಕಾಣುತ್ತದೆ. ಅದಕ್ಕೇ ಅವನಿಂದಲೇ ಫೋಟೋ ತರಿಸಿಕೊಳ್ಳುತ್ತೇನೆ. ಫೋಟೋದಲ್ಲಿ ಕಿಟಕಿಯ ಬೆಳಕು ಎಡಗಡೆಯಿಂದ ಬರುವಂತೆ ನಿಲ್ಲಬೇಕು. ತೋಳು ಮಡಚಿ ಕೈ ಇಳಿಬಿಡಬೇಕು. ಮೊಬೈಲ್ ಎರಡು ಮೀಟರ್ ದೂರದಲ್ಲಿರಬೇಕು, ಹತ್ತಿರದಿಂದ ತೆಗೆದರೆ ಅಂಗೈ ದೊಡ್ಡದಾಗಿ ಮುಂಗೈ ಸಣಕಲಾಗುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಬೇಕು. ಇಲ್ಲದಿದ್ದರೆ ಕೂದಲು, ರಂಧ್ರ ಎಲ್ಲ ಒರೆಸಿ ಹೋಗಿರುತ್ತದೆ. ಅವನ ಕೈಯ ಮಚ್ಚೆ, ಗಾಯದ ಗುರುತು, ಹಚ್ಚೆ ಏನಿದೆಯೋ ಅದೂ ಇದರಿಂದಲೇ ಸಿಗುತ್ತದೆ. ಮನೆಯವರು ಮೊದಲು ಹುಡುಕೋದು ಅದನ್ನೇ.

ಕೈಯನ್ನು ಬೇರೆ ಲೇಯರ್‌ನಲ್ಲಿ, ಅಂಗಿಯ ಲೇಯರ್ ಕೆಳಗೆ ಇಟ್ಟು Unified Transform ಬಳಸುತ್ತೇನೆ. ಅಳತೆ, ತಿರುವು, ಓರೆ ಎಲ್ಲ ಒಂದೇ ಟೂಲ್‌ನಲ್ಲಿ ಆಗುತ್ತದೆ, ಹಾಗಾಗಿ ಚಿತ್ರ ಒಂದೇ ಸಲ ಮರುಲೆಕ್ಕವಾಗಿ ಮಸುಕು ಕಡಿಮೆ. ಮಣಿಕಟ್ಟಿನ ಅಗಲ ಎರಡೂ ಫೋಟೋದಲ್ಲಿ ಒಂದೇ ಆಗುವಂತೆ ಕೂರಿಸಿದರೆ ಉಳಿದದ್ದು ತಾನೇ ಸರಿಹೋಗುತ್ತದೆ.

ಇಲ್ಲಿ ಹೊಸಬರಿಗೆ ಅನಿರೀಕ್ಷಿತವಾದ ಒಂದು ಕೆಲಸ ಬೀಳುತ್ತದೆ. ಅಂಗಿಯ ತೋಳು ಕೈಗಿಂತ ಅಗಲ. ತೋಳು ಅಳಿಸಿ ಕೈ ಇಟ್ಟಾಗ ಎರಡೂ ಬದಿಯಲ್ಲಿ ಖಾಲಿ ಪಟ್ಟಿ ಉಳಿಯುತ್ತದೆ. ಅಲ್ಲಿ ಹಿಂದಿನ ಗೋಡೆ, ಪ್ಯಾಂಟು, ಕೆಲವೊಮ್ಮೆ ಪ್ಯಾಂಟಿನ ಪಕ್ಕದ ಹೊಲಿಗೆ ಹೊಸದಾಗಿ ಕಟ್ಟಬೇಕು. ಗೋಡೆಗೆ Resynthesizer ಪ್ಲಗಿನ್‌ನ Heal selection ಸಾಕು. ಪ್ಯಾಂಟಿನ ಹೊಲಿಗೆಗೆ ಅದನ್ನು ನಂಬಬೇಡಿ, ಗೆರೆಯನ್ನು ತುಂಡು ಮಾಡುತ್ತದೆ. Clone ಟೂಲ್ ಹಿಡಿದು ಹೊಲಿಗೆಯ ಗುಂಟ ಕೈಯಿಂದಲೇ ಎಳೆಯಬೇಕು.

ಬಣ್ಣದ ವಿಷಯಕ್ಕೆ ಬಂದರೆ ನಮ್ಮ ಊರಿನ ಬಿಸಿಲೇ ದೊಡ್ಡ ಪರೀಕ್ಷೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುತ್ತದೆ. ಫುಲ್ ತೋಳು ಹಾಕಿ ಬೈಕ್ ಓಡಿಸುವವರ ಅಂಗೈ ಹಿಂಭಾಗ ಕಪ್ಪಗಾಗಿ, ತೋಳಿನೊಳಗಿನ ಮುಂಗೈ ಒಂದೆರಡು ಛಾಯೆ ತಿಳಿ ಇರುತ್ತದೆ. ಮಣಿಕಟ್ಟಿನ ಬಳಿ ಬಣ್ಣ ನಿಧಾನವಾಗಿ ಬದಲಾಗುತ್ತದೆ, ಗಡಿಯಾರ ಕಟ್ಟುವವರಿಗೆ ಅಲ್ಲೊಂದು ಬಿಳಿ ಪಟ್ಟಿ ಬೇರೆ. ಬಹಳ ಜನ ಮುಂಗೈಗೆ ಅಂಗೈ ಹಿಂಭಾಗದ ಬಣ್ಣವನ್ನೇ ತುಂಬುತ್ತಾರೆ. ಆಗ ಕೈ ಪೂರ್ತಿ ಒಂದೇ ಬಣ್ಣವಾಗಿ, ಗೊಂಬೆಯ ಕೈ ಆಗುತ್ತದೆ.

ನಾನು ಮಾಡೋದು ಹೀಗೆ. ಅಂಗೈ ಎರಡೂ ಫೋಟೋದಲ್ಲಿ ಇದೆಯಲ್ಲ, ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತೇನೆ. Color Picker ಟೂಲ್‌ನಲ್ಲಿ Sample average ಹಾಕಿ, ಬೆರಳಿನ ಗೆಣ್ಣಿನ ಹಿಂದೆ ಅದೇ ಜಾಗ ಒತ್ತಿ ನೋಡುತ್ತೇನೆ. ಈ ಹುಡುಗನಿಗೆ ಕ್ಯಾಮೆರಾದಲ್ಲಿ ಕೆಂಪು 150, ಹಸಿರು 105, ನೀಲಿ 82 ಬಂತು. ಮೊಬೈಲ್ ಫೋಟೋದಲ್ಲಿ 168, 112, 76. ಅಂದರೆ ಮೊಬೈಲ್ ಕೆಂಪು ಜಾಸ್ತಿ, ನೀಲಿ ಕಡಿಮೆ ಕೊಟ್ಟಿದೆ. Curves ತೆಗೆದು ಮೂರು ಚಾನೆಲ್‌ಗಳನ್ನೂ ಬೇರೆ ಬೇರೆ ಸರಿಸಿ ಅಂಗೈಯನ್ನು ಅಂಗೈಗೆ ಹೊಂದಿಸುತ್ತೇನೆ. ಮುಂಗೈಯನ್ನು ಬೇರೆಯಾಗಿ ಮುಟ್ಟೋದೇ ಇಲ್ಲ. ಅಂಗೈ ಕೂಡಿದರೆ ಮುಂಗೈ ತನ್ನ ನಿಜವಾದ ತಿಳಿ ಬಣ್ಣದಲ್ಲೇ ಬಂದು ನಿಲ್ಲುತ್ತದೆ. ಆಮೇಲೆ ಮೊಬೈಲ್‌ನ ಅಂಗೈಯನ್ನು ಮಾಸ್ಕ್ ಹಾಕಿ ಮರೆಮಾಡಿದರಾಯಿತು.

ಮಣಿಕಟ್ಟಿನ ಜೋಡಣೆಯಲ್ಲಿ ಇನ್ನೂ ಸ್ವಲ್ಪ ಕಲೆ ಉಳಿದರೆ Wavelet Decompose. ಜಿಂಪ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಚಿತ್ರವನ್ನು ಸಣ್ಣದರಿಂದ ದೊಡ್ಡದರವರೆಗೆ ಐದು ವಿವರದ ಲೇಯರ್ ಮತ್ತು ಒಂದು Residual ಲೇಯರ್ ಎಂದು ಬಿಡಿಸಿಕೊಡುತ್ತದೆ. ಕೂದಲು, ರಂಧ್ರ ಮೇಲಿನ ಲೇಯರ್‌ಗಳಲ್ಲಿ ಕೂರುತ್ತವೆ. ಬಣ್ಣದ ದೊಡ್ಡ ಏರಿಳಿತ Residual ಲೇಯರ್‌ನಲ್ಲಿ. ಅಲ್ಲಿ ಮಾತ್ರ ಮೆತ್ತಗಿನ ಬ್ರಷ್‌ನಿಂದ ಬಣ್ಣ ಬೆರೆಸಿದರೆ ಕೂದಲು ಒಂದೂ ಅಲುಗದೆ ಕಲೆ ಮಾಯ. ಸುಮ್ನೆ ಬ್ಲರ್ ಹೊಡೆಯುವವರು ಇದನ್ನೊಮ್ಮೆ ನೋಡಬೇಕು.

ಈಗ ಬಟ್ಟೆ. ಮಡಚಿದ ತೋಳು ಅಂದರೆ ಕತ್ತರಿಸಿದ ತೋಳಲ್ಲ. ಮೇಲೇರಿದ ಬಟ್ಟೆ ಎಲ್ಲೂ ಹೋಗಿಲ್ಲ, ಪದರವಾಗಿ ಅಲ್ಲೇ ಕೂತಿದೆ. ಹಾಗಾಗಿ ಮಡಿಕೆಯ ಪಟ್ಟಿ ಕೈಯ ಎರಡೂ ಬದಿ ಸ್ವಲ್ಪ ಹೊರಗೆ ಉಬ್ಬಬೇಕು. ಪಟ್ಟಿಯ ಮೇಲೆ ಕಾಣೋದು ಬಟ್ಟೆಯ ಒಳಮೈ. ನೂಲಿಗೇ ಬಣ್ಣ ಹಾಕಿ ನೇಯ್ದ ಗೆರೆಯ ಬಟ್ಟೆ ಎರಡೂ ಕಡೆ ಒಂದೇ ಥರ ಇರುತ್ತದೆ. ಆದರೆ ಮೇಲೆ ಪ್ರಿಂಟ್ ಮಾಡಿದ ಬಟ್ಟೆಯಾದರೆ ಒಳಮೈ ಮಾಸಲು. ಇದನ್ನು ಮರೆತು ಹೊರಮೈಯನ್ನೇ ಕಾಪಿ ಹಾಕಿದರೆ ಬಟ್ಟೆ ಅಂಗಡಿಯವರು ಫೋಟೋ ನೋಡಿದ ಕೂಡಲೇ ಹಿಡಿದುಬಿಡುತ್ತಾರೆ.

ಪಟ್ಟಿಗೂ ನಿಜವಾದ ಮಾದರಿ ಬೇಕು. ನಮ್ಮ ಅಂಗಡಿ ಹುಡುಗನಿಗೆ ಅಂಥದೇ ದಪ್ಪದ ಅಂಗಿ ಹಾಕಿಸಿ, ತೋಳು ಮಡಚಿಸಿ, ಅದೇ ಬೆಳಕಿನಲ್ಲಿ ತೆಗೆಯುತ್ತೇನೆ. ಬಣ್ಣ ಬೇರೆ ಇದ್ದರೂ ಪರವಾಗಿಲ್ಲ, ನೆರಳು ಮತ್ತು ಆಕಾರ ಮುಖ್ಯ. ಆಮೇಲೆ Warp Transform ಹಿಡಿದು ಪಟ್ಟಿಯನ್ನು ಗಿರಾಕಿಯ ಕೈಯ ಸುತ್ತಳತೆಗೆ ತಕ್ಕಂತೆ ಬಗ್ಗಿಸೋದು. ಕ್ಯಾಮೆರಾ ಎದೆಯ ಎತ್ತರದಲ್ಲಿದ್ದರೆ, ಅದಕ್ಕಿಂತ ಕೆಳಗಿರುವ ಮುಂಗೈಯ ಮೇಲೆ ಪಟ್ಟಿಯ ಕೆಳ ಅಂಚು ಕೆಳಮುಖವಾಗಿ ಬಾಗಬೇಕು. ನೇರ ಗೆರೆ ಇದ್ದರೆ ಕೈಗೆ ಟೇಪ್ ಅಂಟಿಸಿದ ಹಾಗಿರುತ್ತದೆ.

ಪಟ್ಟಿಯ ಮೇಲಿನ ತೋಳು ಕೂಡ ಬದಲಾಗುತ್ತದೆ. ಕೆಳಗೆ ಬಿಗಿಯಾದ್ದರಿಂದ ಬಟ್ಟೆ ಮೇಲೆ ಸ್ವಲ್ಪ ಉಬ್ಬಿ, ಅಡ್ಡ ಸುಕ್ಕುಗಳು ಬೀಳುತ್ತವೆ. ಹಳೆಯ ಉದ್ದ ಸುಕ್ಕುಗಳನ್ನು Heal ಟೂಲ್‌ನಿಂದ ತಿಳಿಗೊಳಿಸಿ, ಮಾದರಿ ಫೋಟೋದಿಂದ ಹೊಸ ಸುಕ್ಕು ತಂದು ಕೂರಿಸಬೇಕು. ಬಲಗೈಗೆ ಮಾಡಿದ್ದನ್ನೇ ತಿರುಗಿಸಿ ಎಡಗೈಗೆ ಹಾಕುವ ಆಸೆ ಬೇಡ. ಬೆಳಕೂ ತಿರುಗಿ, ಒಂದು ತೋಳಿಗೆ ಎಡದಿಂದ, ಇನ್ನೊಂದಕ್ಕೆ ಬಲದಿಂದ ಬೆಳಕು ಬಿದ್ದಂತಾಗುತ್ತದೆ.

ಕೊನೆಗೆ ಪಟ್ಟಿಯ ನೆರಳು ಮುಂಗೈ ಮೇಲೆ. Multiply ಮೋಡ್‌ನ ಹೊಸ ಲೇಯರ್, ಕಪ್ಪಲ್ಲ, ಗಾಢ ಕಂದು. ಬಟ್ಟೆ ತಾಗುವಲ್ಲಿ ತೆಳು ಗಟ್ಟಿ ಗೆರೆ, ಅಲ್ಲಿಂದ ಕೆಳಗೆ ಮೆಲ್ಲಗೆ ಕರಗಬೇಕು. ಬರೀ ಕಪ್ಪು ಬಳಸಿದರೆ ಚರ್ಮ ಮಸಿ ಹಿಡಿದಂತೆ ಕಾಣುತ್ತದೆ. ಎಲ್ಲ ಆದ ಮೇಲೆ ಕೈಯ ಲೇಯರ್‌ಗೆ ಸ್ವಲ್ಪ RGB Noise. ಕ್ಯಾಮೆರಾ ಫೋಟೋದ ಕಾಳಿನಂಥ ಸಣ್ಣ ಚುಕ್ಕೆಗಳು ಮೊಬೈಲ್‌ನ ನಯವಾದ ಚರ್ಮದಲ್ಲಿ ಇರುವುದಿಲ್ಲ, ದೊಡ್ಡ ಪ್ರಿಂಟ್‌ನಲ್ಲಿ ಅದು ಗೊತ್ತಾಗುತ್ತದೆ.

ಇನ್ನು ತಕರಾರು. Warp Transform ದೊಡ್ಡ ಬ್ರಷ್ ಹಿಡಿದರೆ ಈ ಸೈಜಿನ ಫೋಟೋದಲ್ಲಿ ಎಳೆದು ಕಾಯಬೇಕು. ಬೇಕಾದ ಭಾಗವನ್ನಷ್ಟೇ ಸಣ್ಣ ಲೇಯರ್ ಮಾಡಿಕೊಂಡರೆ ವೇಗ ಬರುತ್ತದೆ, ಆದರೆ ಲೇಯರ್‌ನ ಅಂಚಿನಲ್ಲಿ ಸುತ್ತ ಜಾಗ ಬಿಟ್ಟಿರಬೇಕು. ಇಲ್ಲದಿದ್ದರೆ ಬಟ್ಟೆ ಅಲ್ಲೇ ಕತ್ತರಿಸಿಹೋಗುತ್ತದೆ. Enter ಒತ್ತುವ ಮೊದಲು Erase warping ಇಂದ ಅತಿಯಾದ ಕಡೆ ಹಿಂದಕ್ಕೆ ತರಬಹುದು. ಒತ್ತಿದ ಮೇಲೆ ಅದೇ ಕೊನೆ. ನಾನು ಮೂಲ ಲೇಯರ್‌ನ ನಕಲು ಯಾವಾಗಲೂ ಇಟ್ಟಿರುತ್ತೇನೆ.

2025ರ ಮಾರ್ಚ್‌ನಲ್ಲಿ 3.0 ಬಂದ ಮೇಲೆ ಒಂದು ಕಡೆ ಹಗುರಾಯಿತು. Curves ಈಗ ಲೇಯರ್ ಮೇಲೆ ಹಾಗೇ ಉಳಿಯುತ್ತದೆ. ಗಿರಾಕಿ "ಕೈ ಯಾಕೋ ಕೆಂಪ್ ಕಾಣಸ್ತದ್ರಿ" ಎಂದರೆ ಮತ್ತೆ ತೆರೆದು ಸರಿಸಿದರಾಯಿತು. ಹಿಂದಾದರೆ ಮೊದಲಿನಿಂದ ಮಾಡಬೇಕಿತ್ತು. ಆದರೆ 2.10ಕ್ಕೆ ಬರೆದ ಪ್ಲಗಿನ್‌ಗಳು 3.0ರಲ್ಲಿ ಹಾಗೇ ಓಡುವುದಿಲ್ಲ, ಹೊಸದಕ್ಕೆ ತಕ್ಕಂತೆ ಮಾಡಿದ್ದೇ ಬೇಕು. ಅದಕ್ಕೇ ಅಪ್‌ಡೇಟ್ ಮಾಡುವ ಮೊದಲು ನಿಮಗೆ ಬೇಕಾದ ಪ್ಲಗಿನ್ ಬಂದಿದೆಯಾ ನೋಡಿಕೊಳ್ಳಿ. ಮದುವೆ ಸೀಸನ್ ನಡುವೆ ಅಂತೂ ಬೇಡ.

ಇನ್‌ಶರ್ಟ್ ಮಾಡಿ ಕೊಡಿ ಅನ್ನುವವರ ಕೆಲಸ ಇದಕ್ಕಿಂತ ಕಷ್ಟ. ಅಂಗಿಯ ಕೆಳಭಾಗ ತೆಗೆದರೆ ಬೆಲ್ಟು, ಪ್ಯಾಂಟಿನ ಸೊಂಟಪಟ್ಟಿ, ಲೂಪು, ಜೇಬಿನ ಬಾಯಿ ಎಲ್ಲ ಹೊಸದಾಗಿ ಬೇಕು, ಇದ್ದ ಫೋಟೋದಲ್ಲಿ ಒಂದೂ ಇರುವುದಿಲ್ಲ. ಗುಂಡಿಪಟ್ಟಿ, ಬೆಲ್ಟಿನ ಬಕಲ್, ಪ್ಯಾಂಟಿನ ಜಿಪ್ಪು ಒಂದೇ ಗೆರೆಗೆ ಬರಬೇಕು. ಸೊಂಟದ ಮೇಲೆ ಬಟ್ಟೆ ಸ್ವಲ್ಪ ಜೋತು, ಸುಕ್ಕುಗಳು ಬೆಲ್ಟಿನಿಂದ ಮೇಲಕ್ಕೆ ಏಳಬೇಕು. ಅದೇ ಪ್ಯಾಂಟು ಹಾಕಿ ಇನ್‌ಶರ್ಟ್ ಮಾಡಿದ ಇನ್ನೊಂದು ಫೋಟೋ ತಂದವರಿಗೆ ಮಾತ್ರ ನಾನು ಹೂಂ ಅನ್ನುತ್ತೇನೆ.