ದೊಡ್ಡ ಶವರ್ ಆರ್ಡರ್ ಮಾಡುವ ಮುಂಚೆ ಟ್ಯಾಂಕಿನ ಎತ್ತರ ಅಳೆಯಿರಿ

ಶಿರಸಿ ಹತ್ತಿರದ ಒಂದು ಹಂಚಿನ ಮನೆಗೆ ಆನ್‌ಲೈನಿನಲ್ಲಿ 12 ಇಂಚಿನ ಶವರ್ ತರಿಸಿದರು. ಜೋಡಿಸಿ ನಲ್ಲಿ ತಿರುಗಿಸಿದರೆ ಒಂದು ಬದಿಯ ತೂತುಗಳಿಂದ ಮಾತ್ರ ನೀರು ತೊಟ್ಟಿಕ್ಕಿತು. ಪ್ಲಂಬರ್ ಎರಡು ಸಲ ಬಿಚ್ಚಿ ತೊಳೆದ. ಕಸ ಇರಲಿಲ್ಲ, ಶವರ್ ಕೆಟ್ಟೂ ಇರಲಿಲ್ಲ. ಒಮ್ಮೆ ಜೋಡಿಸಿದ ಮಾಲು ಅಂತ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ.

ಎಡವಿದ್ದು ವಿವರಗಳಲ್ಲಿದ್ದ ಒಂದು ಸಾಲನ್ನು ಓದುವುದರಲ್ಲಿ: Working pressure 0.05–0.5 MPa. 0.05 ಅಂದರೆ ತೀರಾ ಕಡಿಮೆ, ನಮ್ಮಲ್ಲಿ ನಡೆಯುತ್ತೆ ಅಂದುಕೊಂಡರು. ಅದು ಬಾರ್ ಲೆಕ್ಕವಲ್ಲ. 0.1 MPa ಅಂದರೆ 1 ಬಾರ್, ಅಂದರೆ ಸುಮಾರು 10 ಮೀಟರ್ ಎತ್ತರದ ನೀರಿನ ಒತ್ತಡ. ಹಾಗಾಗಿ ಆ 0.05ಕ್ಕೆ ಟ್ಯಾಂಕಿನ ತಳ ಶವರಿಗಿಂತ 5 ಮೀಟರ್ ಮೇಲಿರಬೇಕು. ಇಳಿಜಾರು ಮಾಡಿನ ಮನೆಗಳಲ್ಲಿ ಟ್ಯಾಂಕ್ ಕೂರುವುದು ಬಚ್ಚಲುಮನೆಯ ಸ್ಲ್ಯಾಬಿನ ಮೇಲೆ. ಈ ಮನೆಯಲ್ಲಿ ಸ್ಟ್ಯಾಂಡ್ ಸೇರಿಸಿಯೂ ಸಿಕ್ಕಿದ್ದು ಬರೇ 2 ಮೀಟರ್. ನೆಲದಿಂದ ಅಳೆದರೆ ದೊಡ್ಡ ಸಂಖ್ಯೆ ಬರುತ್ತದೆ, ಅದು ಉಪಯೋಗವಿಲ್ಲ. ಟ್ಯಾಂಕಿನ ತಳದಿಂದ ಶವರಿನ ಮುಖದವರೆಗೆ ಅಳೆಯಿರಿ.

ನಿಮಿಷಕ್ಕೆ 12 ಲೀಟರ್ ಅಂತ ಬರೆದಿದ್ದೂ ಸುಳ್ಳಲ್ಲ, ಆದರೆ ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'at 3 bar' ಅಂತಿತ್ತು. ನೀರಿನ ಹರಿವು ಒತ್ತಡದ ವರ್ಗಮೂಲದ ಜೊತೆ ಇಳಿಯುತ್ತದೆ. 3 ಬಾರ್ ಇರಬೇಕಾದಲ್ಲಿ ಆ 2 ಮೀಟರಿನ 0.2 ಬಾರ್ ಇದ್ದರೆ ಸಿಗುವುದು ಕಾಲು ಪಾಲು, ನಿಮಿಷಕ್ಕೆ ಸುಮಾರು 3 ಲೀಟರ್. ಪೈಪು ಸಣ್ಣದಿದ್ದು ಎಲ್ಬೋ ಜಾಸ್ತಿ ಇದ್ದರೆ ಇನ್ನೂ ಕಡಿಮೆ. ಅಷ್ಟು ನೀರು 12 ಇಂಚಿನ ತಟ್ಟೆಯನ್ನು ತುಂಬುವುದೇ ಇಲ್ಲ, ವಾಲಿದ ಕಡೆಗೆ ಇಳಿದುಬಿಡುತ್ತದೆ. ಕೊನೆಗೆ 0.2 ಬಾರಿಗೆ ನಡೆಯುತ್ತೆ ಅಂತ ಸ್ಪಷ್ಟವಾಗಿ ಬರೆದಿದ್ದ 4 ಇಂಚಿನ ಶವರ್ ಹಾಕಿಸಿದರು, ಸರಿಯಾಯಿತು. ಪ್ರೆಶರ್ ಪಂಪ್ ಹಾಕಬಹುದು, ಆದರೆ ಮಳೆಗಾಲದಲ್ಲಿ ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ.

ಅಬ್ಬಿ ನೀರಿನ ಮನೆಯವರು ಮಾತ್ರ ಮೇಲಿನ ಮಿತಿಯನ್ನು ನೋಡಬೇಕು. ಗುಡ್ಡದಿಂದ 60 ಮೀಟರ್ ಇಳಿದು ಟ್ಯಾಂಕಿಲ್ಲದೆ ಸೀದಾ ಬರುವ ಪೈಪಿನಲ್ಲಿ, ನಲ್ಲಿ ಮುಚ್ಚಿದಾಗ 6 ಬಾರ್ ಕೂರುತ್ತದೆ. 0.5 MPa ಅಂದರೆ 5 ಬಾರ್ ತಾನೆ? ಮೊದಲು ಸೋರುವುದು ಹ್ಯಾಂಡ್ ಶವರಿನ ಪೈಪು ಮತ್ತು ವಾಷರುಗಳು. ನಡುವೆ ಒಂದು ಟ್ಯಾಂಕ್ ಇಡಿ.

ಕಾರವಾರದ ಸಮುದ್ರದಂಚಿನವರು ಬರೇ 'ಸ್ಟೀಲ್' ಅಂತ ಬರೆದಿದ್ದನ್ನು ನಂಬಬೇಡಿ. ಉಪ್ಪುಗಾಳಿಗೆ 202 ದರ್ಜೆಯದು ಬೇಗ ತುಕ್ಕಿನ ಚುಕ್ಕೆ ಏಳುತ್ತದೆ. 304 ಮೇಲು, 316 ಇನ್ನೂ ಮೇಲು. ಹತ್ತು ವರ್ಷದ ವಾರಂಟಿ ಅಂತಿದ್ದರೂ ಮೇಲಿನ ಲೇಪಕ್ಕೆ ಎಷ್ಟು ವರ್ಷ ಅಂತ ಬೇರೆಯಾಗಿ ಓದಿ. ಹಲವು ಕಡೆ ಆ ಹತ್ತು ವರ್ಷ ಸೋರಿಕೆಗಷ್ಟೇ. ಒತ್ತಡದ ಮಿತಿ ಮೀರಿದರೆ ಅದೂ ಸಿಗದಿರಬಹುದು.