ಇಂಟರ್‌ವ್ಯೂ ದಿನ: ಕ್ಯಾಬಲ್ಲಿ ಹೋಗೋದಾ, ಮೆಟ್ರೋದಲ್ಲಾ?

ಸೆಕೆಗಾಲದಲ್ಲಿ, ಜನ ಕಿಕ್ಕಿರಿದ ಊರಲ್ಲಿ ಇಂಟರ್‌ವ್ಯೂಗೆ ಹೋಗಲು ನಾನು ಎರಡು ದಾರಿ ನೋಡಿದ್ದೇನೆ. ಒಂದು, ಇಸ್ತ್ರಿ ಮಾಡಿದ ಶರ್ಟನ್ನು ಮನೆಯಲ್ಲೇ ಹಾಕಿಕೊಂಡು ಎಸಿ ಕ್ಯಾಬಲ್ಲಿ ಹೋಗುವುದು. ಇನ್ನೊಂದು, ಟೀ ಶರ್ಟಲ್ಲಿ ಮೆಟ್ರೋ ಹಿಡಿದು, ಉಳಿದದ್ದನ್ನು ನಡೆದು, ಅಲ್ಲಿ ಶರ್ಟ್ ಬದಲಾಯಿಸುವುದು.

ಮೊದಲ ನೋಟಕ್ಕೆ ಕ್ಯಾಬೇ ವಾಸಿ ಅನ್ನಿಸುತ್ತದೆ. ಬೆವರಿಲ್ಲ, ನೂಕುನುಗ್ಗಲಿಲ್ಲ. ಆದರೆ ಮ್ಯಾಪಲ್ಲಿ ಹೊರಡುವ ಹೊತ್ತನ್ನು ಹಾಕಿ ನೋಡಿ. ಬೆಳಗಿನ ಟ್ರಾಫಿಕ್‌ಗೆ ಅದು ಒಂದೇ ಅಂಕಿ ಹೇಳುವುದಿಲ್ಲ, 40ರಿಂದ 80 ನಿಮಿಷ ಅಂತ ಹೇಳುತ್ತದೆ. ನಾವು ಲೆಕ್ಕಕ್ಕೆ ಹಿಡಿಯಬೇಕಾದದ್ದು 80ನ್ನೇ. ಮೆಟ್ರೋದಲ್ಲಿ ರಶ್ ಎಷ್ಟಿದ್ದರೂ ಈ ಏರುಪೇರು ಕಡಿಮೆ. ತುಂಬಿದ ಒಂದು ರೈಲನ್ನು ಬಿಟ್ಟು ಮುಂದಿನದು ಹತ್ತಬೇಕಾಗಬಹುದು, ಅಷ್ಟೇ.

ಇಂಟರ್‌ವ್ಯೂ 11 ಗಂಟೆಗೆ ಅಂದುಕೊಳ್ಳೋಣ. ಹಿಂದಿನಿಂದ ಲೆಕ್ಕ ಹಾಕುತ್ತಾ ಬರೋಣ. ರಿಸೆಪ್ಷನ್ನಲ್ಲಿ 10:45ಕ್ಕೆ ಕೂತಿರಬೇಕು. ದೊಡ್ಡ ಕಟ್ಟಡವಾದರೆ ಗೇಟಲ್ಲಿ ಹೆಸರು ಬರೆದು, ಐಡಿ ತೋರಿಸಿ, ಪಾಸ್ ತಗೊಂಡು, ಲಿಫ್ಟಿಗೆ ಕಾಯುವಷ್ಟರಲ್ಲಿ 10 ನಿಮಿಷ ಹೋಗುತ್ತದೆ. ಅಂದರೆ ಗೇಟಿಗೆ 10:35. ಮೆಟ್ರೋದಲ್ಲಿ ಬಂದವರಿಗೆ ಮೈ ಆರಿಸಿಕೊಂಡು ಶರ್ಟ್ ಹಾಕಲು 25 ನಿಮಿಷ ಬೇಕು, ಹಾಗಾಗಿ ಹತ್ತಿರದ ಜಾಗಕ್ಕೆ 10:10. ಸ್ಟೇಷನ್ನಿಂದ ಒಂದು ಕಿಲೋಮೀಟರ್ ನಡಿಗೆಗೆ 15 ನಿಮಿಷ, ರೈಲಿಗೆ 35, ಚೆಕಿಂಗ್ ಮತ್ತು ಕಾಯುವುದಕ್ಕೆ 15, ಮನೆಯಿಂದ ಸ್ಟೇಷನ್ನಿಗೆ 10. ಮನೆ ಬಿಡಬೇಕಾದದ್ದು 8:55ಕ್ಕೆ.

ಕ್ಯಾಬಲ್ಲಾದರೆ ಸುಧಾರಿಸಿಕೊಳ್ಳಲು 10 ನಿಮಿಷ ಸಾಕು. ಆದರೆ ದಾರಿಗೆ 80, ಗಾಡಿ ಬರಲು 10. ಅದೂ 8:55ಕ್ಕೇ ಬರುತ್ತದೆ! ಹೊರಡುವ ಹೊತ್ತು ಒಂದೇ, ಅಪಾಯ ಮಾತ್ರ ಬೇರೆ ಬೇರೆ. ರಸ್ತೆ ಖಾಲಿ ಇದ್ದರೆ ಕ್ಯಾಬಲ್ಲಿ ಹೋದವರು 9:45ಕ್ಕೇ ತಲುಪಿ ಮುಕ್ಕಾಲು ಗಂಟೆ ಸುಮ್ನೆ ಕೂರಬೇಕು. ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡರೆ ಇಳಿದು ನಡೆಯುವುದಕ್ಕೂ ಆಗಲ್ಲ. ಮೆಟ್ರೋ ಕೈಕೊಟ್ಟರೆ ಇದ್ದ ಸ್ಟೇಷನ್ನಲ್ಲೇ ಇಳಿದು ಕ್ಯಾಬ್ ಹಿಡಿಯಬಹುದು. ಹೊತ್ತಿಗೆ ಸರಿಯಾಗಿ ತಲುಪುವ ವಿಷಯದಲ್ಲಿ ನನ್ನ ಓಟು ಮೆಟ್ರೋಗೇ.

ಇನ್ನು ಬೆವರು. ಮೆಟ್ರೋ ದಾರಿ ಉಳಿಯುವುದೋ ಕೆಡುವುದೋ ಆ 25 ನಿಮಿಷದಲ್ಲಿ. ನಡಿಗೆ ನಿಂತ ಕೂಡಲೇ ಬೆವರು ನಿಲ್ಲುವುದಿಲ್ಲ. ಒಳಗಿನ ಬಿಸಿ ಇಳಿಯುವವರೆಗೆ, ಹತ್ತು ಹದಿನೈದು ನಿಮಿಷ, ಅದು ಬರುತ್ತಲೇ ಇರುತ್ತದೆ. ತಲುಪಿದ ತಕ್ಷಣ ಒಣ ಶರ್ಟ್ ಹಾಕಿದರೆ ಅದೂ ಒದ್ದೆಯಾಗುತ್ತದೆ. ಅದಕ್ಕೇ ಮೊದಲು ಫ್ಯಾನೋ ಎಸಿಯೋ ಇರುವ ಕಡೆ ಕೂತುಬಿಡಿ. ಮುಖ, ಕತ್ತು, ಮೊಣಕೈವರೆಗೆ ತಣ್ಣೀರು ಹಾಕಿ ಒರೆಸಿಕೊಳ್ಳಿ. ಒದ್ದೆ ಬನಿಯನ್ ತೆಗೆದು ಒಣಗಿದ್ದನ್ನು ಹಾಕಿ. ಈಗ ಕತ್ತಿನ ಹಿಂಭಾಗಕ್ಕೆ ಟಿಶ್ಯೂ ಒತ್ತಿ ನೋಡಿ. ಒದ್ದೆಯಾದರೆ ಇನ್ನೂ ಕಾಯಬೇಕು. ಎರಡು ನಿಮಿಷ ಬಿಟ್ಟು ಮತ್ತೆ ಒತ್ತಿದಾಗಲೂ ಒಣಗಿದ್ದರೆ ಶರ್ಟ್ ಹಾಕಿಕೊಳ್ಳಬಹುದು. ಇದನ್ನೆಲ್ಲ ಪಕ್ಕದ ಮಾಲಲ್ಲೋ ಕೆಫೆಯಲ್ಲೋ ಮುಗಿಸಿಕೊಳ್ಳಿ. ಕರೆದ ಆಫೀಸಿನ ಟಾಯ್ಲೆಟ್ಟಲ್ಲಿ ಬೇಡ, ಇಂಟರ್‌ವ್ಯೂ ಮಾಡುವವರೇ ಅಲ್ಲಿ ಎದುರಾಗಬಹುದು ಅಲ್ವಾ?

ಶರ್ಟಿನ ಬಟ್ಟೆ ಯಾವುದಿರಬೇಕು ಅನ್ನೋದೂ ಈ ಎರಡರಲ್ಲಿ ಯಾವ ದಾರಿ ಹಿಡಿಯುತ್ತೀರಿ ಅನ್ನೋದರ ಮೇಲೆ ನಿಂತಿದೆ. ಅಪ್ಪಟ ಹತ್ತಿ ಮೈಗೆ ಹಿತ, ಆದರೆ ಒದ್ದೆಯಾದರೆ ಬೇಗ ಆರಲ್ಲ, ಬ್ಯಾಗಲ್ಲಿ ಮಡಿಸಿಟ್ಟರೆ ಸುಕ್ಕಾಗುತ್ತದೆ. ಲಿನನ್ ಇನ್ನೂ ಜಾಸ್ತಿ ಸುಕ್ಕಾಗುತ್ತದೆ. ಬ್ಯಾಗಲ್ಲಿ ಒಯ್ಯಲು ಹತ್ತಿ–ಪಾಲಿಯೆಸ್ಟರ್ ಬೆರೆತದ್ದೇ ಸರಿ. ಮನೆಯಿಂದಲೇ ಹಾಕಿಕೊಂಡು ಕ್ಯಾಬಲ್ಲಿ ಹೋಗುವವರಿಗೆ ಹತ್ತಿ ಸಾಕು. ಬಣ್ಣದಲ್ಲಿ ಬೂದು ಮತ್ತು ತಿಳಿ ನೀಲಿ ಬೇಡವೇ ಬೇಡ, ಕಂಕುಳ ಕಲೆ ದೂರದಿಂದಲೇ ಕಾಣುತ್ತದೆ. ಬಿಳಿ ಅಥವಾ ಕಡು ನೀಲಿ ಇರಲಿ. ಬಿಳಿಯಾದರೆ ಒಳಗೆ ಬನಿಯನ್ ಬೇಕೇ ಬೇಕು, ಒದ್ದೆಯಾದರೆ ಮೈ ಕಾಣುತ್ತದೆ. ಬ್ಯಾಗನ್ನು ಬೆನ್ನಿಗೆ ಹಾಕದೆ ಕೈಯಲ್ಲಿ ಹಿಡಿದರೆ ಬೆನ್ನು ಅರ್ಧಕ್ಕರ್ಧ ಒಣಗಿರುತ್ತದೆ. ಬೆವರು ತಡೆಯುವ ರೋಲ್‌ಆನ್ ಹಚ್ಚುವವರು ಹಿಂದಿನ ರಾತ್ರಿಯೇ ಒಣ ಚರ್ಮಕ್ಕೆ ಹಚ್ಚಿ. ಬೆವರುತ್ತಿರುವಾಗ ಹಚ್ಚಿದರೆ ಅದು ತೊಳೆದುಹೋಗುತ್ತದೆ.

ಸೀರೆ ಉಡುವವರಿಗೆ, ದಾರಿಯಲ್ಲಿ ಬದಲಾಯಿಸಲು ಆಗದ ಬಟ್ಟೆ ಇರುವವರಿಗೆ, ಮೆಟ್ರೋ ಸ್ಟೇಷನ್ ಎರಡು ಕಿಲೋಮೀಟರಿಗಿಂತ ದೂರ ಇರುವವರಿಗೆ ನಾನು ಕ್ಯಾಬನ್ನೇ ಹೇಳುತ್ತೇನೆ. ಆದರೆ ಅವರು ಇಂಟರ್‌ವ್ಯೂ ಸೋಮವಾರವಾದರೆ ಹಿಂದಿನ ಸೋಮವಾರವೇ, ಅದೇ ಹೊತ್ತಿಗೆ ಮ್ಯಾಪ್ ತೆರೆದು ದೊಡ್ಡ ಅಂಕಿ ಎಷ್ಟಿದೆ ಅಂತ ಬರೆದಿಟ್ಟುಕೊಳ್ಳಬೇಕು. ಭಾನುವಾರ ಮಧ್ಯಾಹ್ನ ನೋಡಿದ ಅಂಕಿ ಸೋಮವಾರ ಬೆಳಗ್ಗೆ ಉಪಯೋಗಕ್ಕೆ ಬರುವುದಿಲ್ಲ.